ನಾನು ನಿಲ್ಲಿಸಿ ಎಂದ ಸದ್ದು

ಮೊದಲ ಕರಡಿನ ಕೊನೆಯ ಹಾಳೆ ಈಗಲೂ ನನ್ನ ಹತ್ತಿರ ಇದೆ. ಹಾಳೆಯ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಎಡಕ್ಕೆ ತೆರೆಯ ಮೇಲೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಬರೆದಿದ್ದೇನೆ: ‘ಮರುಸೃಷ್ಟಿ. ಕೈಗಳು ಮಾತ್ರ. ಗರಗಸ ನಿಲ್ಲುತ್ತದೆ. ಕತ್ತಲು.’ ಬಲಗಡೆ: ‘ಬೈಟ್, ಯಜಮಾನರು: ನಾನೇ ಕೊನೆಯವನು.’ ಅದರ ಕೆಳಗೆ: ‘ನಿರೂಪಣೆ, ಹತ್ತು ಸೆಕೆಂಡು: ಮೈಸೂರಿನ ಒಂದು ಕಲೆ ಇಲ್ಲಿಗೆ ಮುಗಿಯುತ್ತದೆ.’

ಬರೆದ ದಿನ ಈ ಹಾಳೆ ನನಗೆ ಬಹಳ ಹಿಡಿಸಿತ್ತು. ನನಗೆ ಅಷ್ಟು ಹಿಡಿಸಿದ್ದನ್ನು ನಾನು ಅನುಮಾನಿಸಬೇಕಿತ್ತು.

ಅರ್ಧ ಗಂಟೆಯ ಸಾಕ್ಷ್ಯಚಿತ್ರ. ವಿಷಯ, ಬೀಟೆ ಮರದ ಇನ್ಲೇ ಕೆಲಸ. ಕಪ್ಪು ಬೀಟೆ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತಕ್ಕ ಹಾಗೆ ಹಳ್ಳ ತೋಡಿ, ಬೇರೆ ಬಣ್ಣದ ಮರದ ತೆಳು ಚೂರುಗಳನ್ನು ಅದರೊಳಗೆ ಕೂರಿಸಿ, ಕೈಯಾಡಿಸಿದರೆ ಸಂದು ಸಿಗದ ಹಾಗೆ ಉಜ್ಜಿ ಪಾಲಿಶ್ ಮಾಡುವ ಕೆಲಸ. ನಿರ್ದೇಶಕ ನನಗಿಂತ ಹದಿನೈದು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಾನೆ. ಅವನು ಚಿತ್ರೀಕರಿಸುತ್ತಾನೆ, ನಾನು ಸಂದರ್ಶನ ಮಾಡಿ, ಆಮೇಲೆ ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್ಲಿನ ಮೇಲಿನ ಮಹಡಿಯಲ್ಲಿರುವ ಎಡಿಟಿಂಗ್ ಕೋಣೆಯಲ್ಲಿ ಕೂತು ತೆಗೆದದ್ದನ್ನೆಲ್ಲ ನೋಡಿ ಲಾಗ್ ಬರೆಯುತ್ತೇನೆ. ಎಷ್ಟನೆಯ ನಿಮಿಷದಲ್ಲಿ ಯಾರು ಏನು ಹೇಳಿದರು, ಅದರಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬ ಪಟ್ಟಿ ಅದು. ಅದರ ಮೇಲೆ ಔಟ್‌ಲೈನ್: ಇಲ್ಲಿ ಈ ಬೈಟ್, ಅಂದರೆ ಸಂದರ್ಶನದ ಒಂದು ತುಂಡು ಮಾತು, ಇಲ್ಲಿ ಹಳೆಯ ಫುಟೇಜ್, ಇಲ್ಲಿ ನಟರನ್ನಿಟ್ಟು ತೆಗೆದ ಮರುಸೃಷ್ಟಿ, ನಡುವಿನ ಸಂದುಗಳಲ್ಲಿ ನಿರೂಪಣೆ. ಸಂದುಗಳನ್ನು ತುಂಬುವುದೇ ನನ್ನ ಕೆಲಸ. ನಾವು ಚಿತ್ರೀಕರಿಸಿದ ಕೆಸರೆಯ ಇನ್ಲೇ ಅಂಗಡಿಯಲ್ಲಿ ನಡೆಯುತ್ತಿದ್ದದ್ದಕ್ಕೂ ಇದಕ್ಕೂ ಹೋಲಿಕೆ ಹಚ್ಚುವ ಆಸೆ ಆಗುತ್ತದೆ. ಹಚ್ಚುವುದಿಲ್ಲ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಯಜಮಾನರು ಎಪ್ಪತ್ತು ದಾಟಿದವರು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರ ಹಿಂದೆ ಕರ್ಟನ್. ಕರ್ಟನ್ ಹಿಂದೆ ಅಡುಗೆಮನೆಗೆ ಹೋಗುವ ಓಣಿ, ಓಣಿಯಲ್ಲಿ ಕಿಟಕಿ, ಕಿಟಕಿಯ ಕೆಳಗೆ ಅವರ ಮಗಳು ಕೂರುವ ಜಾಗ. ಮಗಳಿಗೆ ನಲವತ್ತರ ಆಸುಪಾಸು. ಗಂಡನ ಮನೆ ಬನ್ನಿಮಂಟಪದಲ್ಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಸಂಜೆ ಹೋಗುತ್ತಾರೆ. ಅಪ್ಪನನ್ನು ನೋಡಿಕೊಳ್ಳಲು ಬರುತ್ತಾರೆ ಅಂದುಕೊಂಡಿದ್ದೆ. ಟೀ ತಂದುಕೊಟ್ಟವರು ಅವರೇ.

ಟೀ ಕೊಟ್ಟು ಲೋಟ ವಾಪಸು ತೆಗೆದುಕೊಳ್ಳುವಾಗ ಅವರು ಒಂದು ಮಾತು ಹೇಳಿದರು. “ಮೇಡಂ, ಏನಾದ್ರೂ ಬರ್ಕೊಳಿ. ಮುಗ್ದೋಯ್ತು ಅಂತ ಮಾತ್ರ ಬರೀಬೇಡಿ. ಕೆಲ್ಸ ಕೊಡೋರು ನಮ್ಮಪ್ಪನ ಹೆಸ್ರು ನೋಡಿ ಫೋನ್ ಮಾಡ್ತಾರೆ. ಮುಗೀತು ಅಂತ ಟೀವೀಲಿ ಬಂದ್ಬುಟ್ರೆ ಯಾರ್ ಮಾಡ್ತಾರೆ?”

“ಇಲ್ಲಮ್ಮ, ಹಾಗೆಲ್ಲ ಬರೆಯಲ್ಲ” ಎಂದೆ.

ನನ್ನ ನೆನಪಿನಲ್ಲಿ ಇದು ನಡೆದದ್ದು ಮೊದಲನೆಯ ದಿನ. ನೋಟ್‌ಬುಕ್ಕಿನಲ್ಲಿ ಮೂರನೆಯ ದಿನದ ಪುಟದಲ್ಲಿದೆ, ಅದೂ ಅಂಚಿನಲ್ಲಿ, ಬ್ಯಾಟರಿ ಚಾರ್ಜ್ ಮಾಡಬೇಕು ಎಂಬ ಸಾಲಿನ ಪಕ್ಕ: ‘ಮಗಳು: ಮುಗೀತು ಬೇಡ.’ ಮೊದಲ ದಿನವೇ ಅಂತ ನೆನಪಿಟ್ಟುಕೊಂಡರೆ ನನ್ನ ತಪ್ಪು ದೊಡ್ಡದಾಗುತ್ತದೆ, ಕಥೆ ಚೆನ್ನಾಗಿರುತ್ತದೆ. ಮೂರನೆಯ ದಿನ ಅಂತಲೇ ಇಟ್ಟುಕೊಳ್ಳೋಣ. ಮೂರನೆಯ ದಿನವೂ ಕರಡು ಬರೆಯುವುದಕ್ಕೆ ತುಂಬ ಮೊದಲೇ.

ಹಳೆಯ ಫುಟೇಜಿನ ವಿಷಯದಲ್ಲಿ ನಾನು ಎಷ್ಟು ಎಚ್ಚರವಾಗಿದ್ದೆ ಎಂಬುದನ್ನೂ ಹೇಳಬೇಕು. ಒಂದು ಸಂಗ್ರಹದಿಂದ ಒಂದು ನಿಮಿಷದ ಕಪ್ಪುಬಿಳುಪಿನ ತುಣುಕು ಸಿಕ್ಕಿತ್ತು. ಶಬ್ದವಿಲ್ಲ. ಒಬ್ಬ ಗಂಡಸು ಹಲಗೆಯ ಮುಂದೆ ಕೂತು ಸಣ್ಣ ಗರಗಸದಿಂದ ಏನನ್ನೋ ಕೊಯ್ಯುತ್ತಿದ್ದಾನೆ. ಫಿಲ್ಮ್ ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಮೈಸೂರು, ಮರಗೆಲಸ’ ಎಂದಷ್ಟೇ ಇತ್ತಂತೆ. ನಿರ್ದೇಶಕನಿಗೆ ಇದು ಯಜಮಾನರ ತಂದೆ ಆಗಿಬಿಟ್ಟರೆ ಎಷ್ಟು ಚೆನ್ನ ಎಂಬ ಆಸೆ. ಅವರ ತಂದೆ ಅರಮನೆಗೆ ದಂತದ ಇನ್ಲೇ ಮಾಡುತ್ತಿದ್ದವರು. ಲ್ಯಾಪ್‌ಟಾಪ್ ಒಯ್ದು ತೋರಿಸಿದೆವು.

ಯಜಮಾನರು ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಮೂರು ಸಲ ನೋಡಿದರು.

“ಅಲ್ಲ. ನಮ್ಮಪ್ಪ ಹಿಂಗೆ ಕೂರ್ತಿರ್ಲಿಲ್ಲ. ಮಂಡಿ ನೋವು ಅವ್ರಿಗೆ, ಒಂದ್ ಕಾಲು ಚಾಚ್ಕೊಂಡಿರೋರು.”

“ಸರಿಯಾಗಿ ನೋಡಿ ಸಾರ್” ಎಂದ ನಿರ್ದೇಶಕ.

“ನೋಡ್ದೆ ಕಣಪ್ಪ. ಇದ್ಯಾರೋ.” ಆಮೇಲೆ ಕನ್ನಡಕ ತೆಗೆದಿಟ್ಟು, “ನಮ್ಮಪ್ಪ ಅಂತಾನೇ ಹಾಕ್ಕೊಳಿ ಬುಡಿ. ಪಾಪ, ಇಷ್ಟು ಚೆನ್ನಾಗಿ ಕೊಯ್ತವ್ರೆ. ಯಾರೂ ನಮ್ಮೋರು ಅನ್ನಲಿಲ್ಲ ಅಂದ್ರೆ ಬೇಜಾರಾಗಲ್ವಾ?”

ಒಳಗಿನಿಂದ ಮಗಳು ನಕ್ಕದ್ದು ಕೇಳಿಸಿತು. “ಅಪ್ಪಾ, ತಾತನ್ನ ಎರಡೆರಡು ಮಾಡ್ತೀಯಾ?”

ನಾನು ಹಾಗೆ ಹಾಕಲಿಲ್ಲ. ಔಟ್‌ಲೈನಿನಲ್ಲಿ ಆ ತುಣುಕಿನ ಮುಂದೆ ಬರೆದದ್ದು: ‘ಹೆಸರು ತಿಳಿಯದ ಕೆಲಸಗಾರ. ಯಜಮಾನರ ತಂದೆ ಎಂಬ ಅರ್ಥ ಬರಬಾರದು. ತಂದೆಯ ಬಗ್ಗೆ ಇರುವ ಬೈಟ್ ಇದರ ಮೇಲೆ ಹಾಕಬೇಡಿ.’ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಯಾರೋ ಸತ್ತವನ ಗುರುತಿನ ಬಗ್ಗೆ ನನಗೆ ಅಷ್ಟು ಕಾಳಜಿ.

ಮರುಸೃಷ್ಟಿಯದು ಬೇರೆ ಪಾಡು. ಅರಮನೆ ಕಾಲದ ಕಾರ್ಖಾನೆ, ಯಜಮಾನರ ತಂದೆ ಕೆಲಸ ಮಾಡುತ್ತಿರುವ ದೃಶ್ಯ ಬೇಕು. ರಂಗಭೂಮಿಯ ಹುಡುಗನೊಬ್ಬನನ್ನು ಕರೆದೆವು. ಒಳ್ಳೆಯ ಮುಖ, ಪಂಚೆ ಚೆನ್ನಾಗಿ ಉಡುತ್ತಾನೆ. ದಂತದ ಬದಲು ಬಿಳಿ ಪ್ಲಾಸ್ಟಿಕ್ ಹಾಳೆ. ದಂತವನ್ನು ಈಗ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಪ್ಲಾಸ್ಟಿಕ್ಕನ್ನು ಈ ಕಸುಬಿನವರೇ ಎಷ್ಟೋ ವರ್ಷಗಳಿಂದ ದಂತದ ಜಾಗದಲ್ಲಿ ಕೂರಿಸುತ್ತಿದ್ದಾರೆ. ಅದು ನಮ್ಮ ಮೋಸವಾಗಿರಲಿಲ್ಲ.

ಗರಗಸದ ಬ್ಲೇಡು ನೂಲಿನಷ್ಟು ತೆಳ್ಳಗಿರುತ್ತದೆ. ಯು ಆಕಾರದ ಚೌಕಟ್ಟಿನ ಎರಡು ತುದಿಗಳ ನಡುವೆ ಬಿಗಿದಿರುತ್ತದೆ, ಹಲ್ಲು ಕೆಳಮುಖವಾಗಿ. ಮುಂದೆ ಒಂದು ಹಲಗೆ, ಹಲಗೆಯ ಅಂಚಿನಲ್ಲಿ ಸೀಳಿದ ಕಚ್ಚು. ಆ ಕಚ್ಚಿನ ಮೇಲೆ ಎಡಗೈಯಲ್ಲಿ ಚೂರು ಒತ್ತಿ ಹಿಡಿದು, ಬಲಗೈಯಲ್ಲಿ ಗರಗಸ ನೆಟ್ಟಗೆ ಮೇಲೆ ಕೆಳಗೆ ಆಡಿಸಬೇಕು. ಹಾಳೆಯ ಮೇಲೆ ಆನೆಯ ಚಿತ್ರ ಅಂಟಿಸಿ ನಟನಿಗೆ ಕೊಟ್ಟಿದ್ದೆವು. ಅವನು ಸೊಂಡಿಲಿನ ತಿರುವಿಗೆ ಬಂದಾಗಲೆಲ್ಲ ಟಕ್ ಅಂತ ಬ್ಲೇಡು ಮುರಿಯಿತು. ಒಂದು, ಎರಡು, ಐದು.

“ಅಯ್ಯೋ, ಗರಗಸ ಯಾಕೆ ತಿರುಗಿಸ್ತೀಯಪ್ಪ?” ಯಜಮಾನರಿಗೆ ತಡೆಯಲಾಗಲಿಲ್ಲ. “ಗರಗಸ ಇದ್ದಂಗೇ ಇರ್ಬೇಕು. ಹಾಳೆ ತಿರುಗಿಸು. ಹಾಳೆ!”

“ನೀವೇ ಮಾಡಿ ತೋರಿಸಿ ಸಾರ್” ಎಂದ ನಿರ್ದೇಶಕ.

ಯಜಮಾನರು ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ನಡುಗುತ್ತಿತ್ತು. ಆಮೇಲೆ ಅವರೇ ಕರ್ಟನ್ ಕಡೆ ತಿರುಗಿ, “ಬಾರವ್ವ ಇಲ್ಲಿ” ಎಂದು ಕರೆದರು.

ಮಗಳು ಸೆರಗಿಗೆ ಕೈ ಒರೆಸುತ್ತ ಬಂದರು. ಬಳೆ ಬಿಚ್ಚಿಟ್ಟರು. ನಟನ ಅಂಗಿಯನ್ನು ಅವರ ತೋಳಿಗೆ ಹಾಕಿ, ಕ್ಯಾಮೆರಾ ಮಣಿಕಟ್ಟಿನಿಂದ ಮುಂದಕ್ಕೆ ಮಾತ್ರ ಇಟ್ಟೆವು. ಅವರು ಕೂತರು. ಒಂದೇ ಬ್ಲೇಡಿನಲ್ಲಿ ಆನೆ ಮುಗಿಯಿತು. ಸೊಂಡಿಲು, ಬಾಲ, ಕಾಲುಗಳ ಸಂದಿ ಎಲ್ಲ. ಉಗುರಿನಿಂದ ಧೂಳು ತಟ್ಟಿ ಪಕ್ಕಕ್ಕಿಟ್ಟರು.

“ಸೂಪರ್” ಎಂದ ನಿರ್ದೇಶಕ. “ಕೈ ಅಂದ್ರೆ ಇದು!”

ಆಗ ನನಗೆ ಏನಾದರೂ ಹೊಳೆಯಿತೇ? ಹೊಳೆಯಿತು ಅಂತ ಬರೆಯಬಹುದು. ಆ ದಿನದ ನೋಟ್‌ಬುಕ್ಕಿನಲ್ಲಿರುವುದು ಇಷ್ಟು: ‘ಕೈ ಶಾಟ್ ಓಕೆ. ಬಳೆ ಗುರುತು ಕಾಣುತ್ತದೆಯೇ ನೋಡಬೇಕು.’ ನನಗೆ ಹೊಳೆದದ್ದು ಬಳೆಯ ಗುರುತು.

ಕರಡು ಮುಗಿದ ಮೇಲೆ ಅದನ್ನು ಸಂಬಂಧಪಟ್ಟವರ ಮುಂದೆ ಒಮ್ಮೆ ಓದುವುದು ನನ್ನ ಅಭ್ಯಾಸ. ಕಸುಬಿನ ವಿವರ ತಪ್ಪಿರಬಾರದು ಎಂಬ ಕಾರಣಕ್ಕೆ. ಒಂದು ಭಾನುವಾರ ಮಧ್ಯಾಹ್ನ ಕೆಸರೆಗೆ ಹೋದೆ. ಯಜಮಾನರು ಪಾಲಿಶಿಗೆಂದು ಸ್ಪಿರಿಟ್ಟಿನಲ್ಲಿ ಅರಗು ನೆನೆಸಿದ ಬಾಟಲಿಯನ್ನು ಅಲ್ಲಾಡಿಸುತ್ತ ಕೇಳಿಸಿಕೊಂಡರು. ಮಗಳು ಕರ್ಟನ್ ಸರಿಸಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

ಹಲಸು ಹಳದಿಗೆ, ತೇಗ ಕಂದು ಬಣ್ಣಕ್ಕೆ ಎಂದು ಓದಿದೆ. “ಬಣ್ಣ ಹಚ್ಚಲ್ಲ ಅಂತ ಹಾಕಿ” ಎಂದರು ಯಜಮಾನರು. “ಮರದ್ದೇ ಬಣ್ಣ ಅಂತ ಎರಡು ಸಲ ಹಾಕಿ, ಜನ ನಂಬಲ್ಲ.” ಬರೆದುಕೊಂಡೆ. ಚೂರುಗಳನ್ನು ಮೊದಲು ಕೊಯ್ದು, ಆಮೇಲೆ ಅವನ್ನೇ ಹಲಗೆಯ ಮೇಲಿಟ್ಟು ಸುತ್ತ ಸೂಜಿಯಿಂದ ಗೀರಿ, ಗೀರಿನೊಳಗೆ ತೋಡಬೇಕು. ನಾನು ಕ್ರಮ ತಲೆಕೆಳಗು ಮಾಡಿ, ಹಳ್ಳ ತೋಡಿದ ಮೇಲೆ ಕೊಯ್ಯುವ ಹಾಗೆ ಬರೆದಿದ್ದೆ. “ಅಂಗೆ ಮಾಡಿದ್ರೆ ಯಾವ ಜನ್ಮದಲ್ಲೂ ಕೂರಲ್ಲ ಕಣಮ್ಮ” ಎಂದು ನಕ್ಕರು. ತಿದ್ದಿಕೊಂಡೆ.

ಕೊನೆಯ ಹಾಳೆ ಓದಿದೆ. ಕೈಗಳು. ಗರಗಸ ನಿಲ್ಲುತ್ತದೆ. ಕತ್ತಲು. ನಾನೇ ಕೊನೆಯವನು. ಇಲ್ಲಿಗೆ ಮುಗಿಯುತ್ತದೆ.

ಯಜಮಾನರು ತಲೆಯಾಡಿಸಿದರು. ಅವರಿಗೆ ಇಷ್ಟವಾಯಿತು ಅಂತಲೇ ಕಂಡಿತು.

“ಆ ಕೈ ಯಾರ್ದು ಮೇಡಂ?” ಎಂದರು ಮಗಳು.

“ಅದು... ಮರುಸೃಷ್ಟಿ ಅಂತ ಕೆಳಗೆ ಅಕ್ಷರ ಬರುತ್ತಮ್ಮ.”

“ಗೊತ್ತು. ಯಾರ್ದು?”

“ನಿಮ್ಮದು.”

“ನನ್ ಕೈ ಇಟ್ಕೊಂಡು ಮುಗೀತು ಅಂತೀರಾ?”

ದನಿ ಏರಿರಲಿಲ್ಲ. ಅವರು ಅಡುಗೆಮನೆಯ ವಿಷಯ ಮಾತಾಡುವ ದನಿಯಲ್ಲೇ ಮಾತಾಡಿದರು. “ಎಂಟು ವರ್ಷದಿಂದ ಈ ಮನೇಲಿ ಕೊಯ್ಯೋದು ನಾನು, ತೋಡೋದು ನಾನು. ಅಪ್ಪ ಮರ ಆರಿಸ್ತಾರೆ, ಪಾಲಿಶ್ ಮಾಡ್ತಾರೆ. ನಾನು ಅದನ್ನ ಬೋರ್ಡ್ ಹಾಕಿ ಅನ್ನಲಿಲ್ಲ. ಮುಗೀತು ಅನ್ಬೇಡಿ ಅಂತ ತಾನೆ ಕೇಳ್ಕೊಂಡಿದ್ದು?”

“ಏಯ್, ಅವರು ನಾನು ಹೇಳಿದ್ದನ್ನ ಬರ್ದವ್ರೆ” ಎಂದರು ಯಜಮಾನರು.

“ನೀನ್ಯಾಕಪ್ಪ ಹೇಳ್ದೆ?”

“ಎಲ್ರೂ ಅದನ್ನೇ ಕೇಳ್ತಾರಲ್ಲವ್ವ! ಪೇಪರಿನೋರು ಬಂದ್ರೂ ಅದೇ, ಕಾಲೇಜ್ ಮಕ್ಳು ಬಂದ್ರೂ ಅದೇ. ಕೊನೆಯವ್ರಾ ಕೊನೆಯವ್ರಾ ಅಂತಾರೆ. ಹೂಂ ಅಂದ್ರೆ ಖುಷಿಯಾಗಿ ಹೋಗ್ತಾರೆ.”

ನಾನು ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ತಿದ್ದುತ್ತೇನೆ ಎಂದೆನೋ, ನೋಡುತ್ತೇನೆ ಎಂದೆನೋ ನೆನಪಿಲ್ಲ. ನೋಡುತ್ತೇನೆ ಎಂದಿರುವ ಸಾಧ್ಯತೆಯೇ ಹೆಚ್ಚು.

ಮಾರನೆಯ ದಿನ ಎಡಿಟಿಂಗ್ ಕೋಣೆಯಲ್ಲಿ ಆ ಬೈಟನ್ನು ಮೂಲದಲ್ಲಿ ಹುಡುಕಿದೆ. ಲಾಗಿನಲ್ಲಿ ನಾನು ಅದಕ್ಕೆ ನಕ್ಷತ್ರ ಹಾಕಿ, ಆರು ಸೆಕೆಂಡಿನ ತುಂಡು ಮಾತ್ರ ಗುರುತು ಮಾಡಿದ್ದೆ. ಆಮೇಲೆ ಆ ಆರು ಸೆಕೆಂಡನ್ನೇ ಮತ್ತೆ ಮತ್ತೆ ಕೇಳಿದ್ದೆ; ಇಡೀ ಸಂದರ್ಶನಕ್ಕೆ ವಾಪಸು ಹೋಗಿರಲಿಲ್ಲ. ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಬೈಟ್ ಒಂದು ಸಲ ಚಿಕ್ಕದಾದರೆ ಅದು ಮೊದಲಿನಿಂದಲೂ ಅಷ್ಟೇ ಇತ್ತು ಅನ್ನಿಸುತ್ತದೆ.

ಎರಡು ನಿಮಿಷ ಹಿಂದಿನಿಂದ ಹಾಕಿದೆ. ಯಜಮಾನರು ಈ ಬೀದಿಯಲ್ಲಿ ಯಾರ್‍ಯಾರು ಅಂಗಡಿ ಇಟ್ಟಿದ್ದರು, ಯಾರು ಬಿಟ್ಟು ಬಾಡಿಗೆ ಆಟೋ ಹಿಡಿದರು ಅಂತ ಹೇಳುತ್ತಿದ್ದಾರೆ. ಹಿಂದಿನಿಂದ ಒಂದು ಸದ್ದು: ಸರ್ ಸರ್ ಸರ್, ಒಂದೇ ಲಯದಲ್ಲಿ. ಆಮೇಲೆ ಸೌಂಡ್ ಹುಡುಗನ ದನಿ, “ಮೇಡಂ, ಡಿಸ್ಟರ್ಬೆನ್ಸ್ ಬರ್ತಾ ಇದೆ.” ಆಮೇಲೆ ನನ್ನದೇ ದನಿ, ಕರ್ಟನ್ ಕಡೆಗೆ: “ಅಮ್ಮಾ, ಆ ಸದ್ದು ಸ್ವಲ್ಪ ನಿಲ್ಲಿಸ್ತೀರಾ?”

ಸದ್ದು ನಿಂತಿತು. ನಂತರ ನಾನು ಕೇಳುತ್ತೇನೆ: “ಹಾಗಾದರೆ ನೀವೇ ಕೊನೆಯವರಾ?”

“ನಾನೇ ಕೊನೆಯವನು.” ಕೆಮ್ಮು. “ಈ ಸಾಲಲ್ಲಿ ಅಂಗಡಿ ಇಟ್ಕೊಂಡಿರೋರಲ್ಲಿ.”

ನಾನು ಕೆಮ್ಮಿನ ಮುಂಚೆ ಕತ್ತರಿಸಿದ್ದೆ. ಕೆಮ್ಮು ಇದ್ದದ್ದರಿಂದ ಕತ್ತರಿಸಿದ್ದು, ಬೇರೆ ಉದ್ದೇಶ ಇರಲಿಲ್ಲ. ಹೀಗೆ ಬರೆಯುವಾಗಲೂ ನನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಗರಗಸ ನಿಲ್ಲಿಸಿದವಳು ನಾನು, ‘ಗರಗಸ ನಿಲ್ಲುತ್ತದೆ’ ಎಂದು ಬರೆದವಳೂ ನಾನು ಎಂಬುದು ತೀರ ಹದವಾಗಿ ಕೂಡಿಕೊಳ್ಳುತ್ತದೆ. ಬೇರೆಯವರ ಬರಹದಲ್ಲಿ ಓದಿದ್ದರೆ ಕಟ್ಟಿದ್ದು ಅನ್ನುತ್ತಿದ್ದೆ. ಟೇಪಿನಲ್ಲಿದೆ ಎಂಬುದೊಂದೇ ಅದಕ್ಕೆ ಆಧಾರ.

ನಿರ್ದೇಶಕನನ್ನು ಕರೆದು ಕೇಳಿಸಿದೆ. ಅವನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕೂತ. ಕೆಳಗಿನ ಟ್ಯುಟೋರಿಯಲ್ಲಿನಲ್ಲಿ ಯಾರೋ ರಸಾಯನಶಾಸ್ತ್ರದ ಸೂತ್ರಗಳನ್ನು ಕೂಗಿ ಹೇಳಿಸುತ್ತಿದ್ದರು.

“ಅಕ್ಕ, ಚಾನೆಲ್ನವರಿಗೆ ಸಾಯ್ತಿರೋ ಕಲೆ ಅಂತ ಹೇಳಿ ಒಪ್ಪಿಸಿದೀವಿ. ಈಗ ಹೋಗಿ, ಇಲ್ಲ ಸಾರ್ ಬದುಕಿದೆ ಅಂದ್ರೆ?”

“ಬದುಕಿದೆ ಅಂತ ನಾನೆಲ್ಲಿ ಹೇಳ್ದೆ? ಆ ಬೀದೀಲಿ ಅಷ್ಟು ಅಂಗಡಿ ಇದ್ದದ್ದು ಈಗ ಒಂದು. ಆಕೆ ಆದ್ಮೇಲೆ ಯಾರು ಅಂತ ಆಕೆಗೂ ಗೊತ್ತಿಲ್ಲ. ಸಾಯ್ತಿದೆ ಅನ್ನು. ಸತ್ತಿದೆ ಅನ್ಬೇಡ.”

“ಎಂಡಿಂಗ್ ಹೋಯ್ತಲ್ಲ.”

“ಹೋಗ್ಲಿ ಬಿಡೋ.”

“ನಿಮಗೇನಕ್ಕ, ಹಾಳೆ ಹರಿದು ಇನ್ನೊಂದು ಬರೀತೀರ. ನಾನು ಮತ್ತೆ ಕ್ಯಾಮೆರಾ ತರಿಸಬೇಕು.” ಗೊಣಗಿದ. ಆದರೆ ಹೆಡ್‌ಫೋನ್ ಹಾಕಿಕೊಂಡು ಆ ಎರಡು ನಿಮಿಷವನ್ನು ಮತ್ತೊಮ್ಮೆ ಕೇಳಿದ. ತೆಗೆದಿಟ್ಟು, “ಆ ಸದ್ದು ಚೆನ್ನಾಗಿದೆ ಅಲ್ವಾ?” ಎಂದ.

ಹೊಸ ಔಟ್‌ಲೈನ್ ಬರೆಯಲು ಒಂದು ವಾರ ಹಿಡಿಯಿತು. ಬೈಟ್ ಇಡಿಯಾಗಿ ಉಳಿಯಿತು: ಗರಗಸ, ಸೌಂಡ್ ಹುಡುಗ, ನನ್ನ ದನಿ, ನನ್ನ ಪ್ರಶ್ನೆ, ಕೆಮ್ಮು, ಉಳಿದರ್ಧ ವಾಕ್ಯ. ಮರುಸೃಷ್ಟಿಯ ಕೈಗಳ ಕೆಳಗೆ ಬರೆದೆ: ‘ಅಕ್ಷರ: ಮರುಸೃಷ್ಟಿ. ಕೈಗಳು ಅವರ ಮೊಮ್ಮಗಳವು.’ ಯಜಮಾನರ ತಂದೆಯ ಕೆಲಸವನ್ನು ತೋರಿಸುವ ಕೈ ಅಲ್ಲವೇ, ಮೊಮ್ಮಗಳು ಅಂದರೆ ಸರಿ. ಕೊನೆಗೆ ಹೊಸ ದೃಶ್ಯ ಒಂದು ಸೇರಿಸಿದೆ: ‘ಮಗಳು ಕಿಟಕಿಯ ಕೆಳಗೆ. ಅದೇ ಕೈ, ಈ ಸಲ ಬಳೆಗಳೊಂದಿಗೆ. ಬಳೆ ಹತ್ತಿರದಿಂದ.’ ಈ ಬಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಅಂದು ಬಿಚ್ಚಿಸಿದ್ದನ್ನು ಇಂದು ತೊಡಿಸುವುದು.

ಕೆಸರೆಯಲ್ಲಿ ಓದಿದಾಗ ಮಗಳು ಬಳೆಯ ಸಾಲಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಬಳೆ ಹಾಕ್ಕೊಂಡು ಯಾರ್ ಕೊಯ್ತಾರೆ ಮೇಡಂ? ಚೌಕಟ್ಟಿಗೆ ತಗುಲಿ ಕೈಯೇ ಅದುರುತ್ತೆ. ಕೂರೋಕ್ ಮುಂಚೆ ದಿನಾ ಬಿಚ್ಚಿಟ್ಟೇ ಕೂರೋದು.”

“ಆವತ್ತು ಬಿಚ್ಚಿದ್ದು...”

“ನೀವು ಹೇಳಿದ್ದಕ್ಕೆ ಅನ್ಕೊಂಡ್ರಾ? ನಾನೇ ಬಿಚ್ಚಿದ್ದು. ಅಂಗಿ ಮಾತ್ರ ನಿಮ್ದು.”

ಬಳೆಯ ಸಾಲು ಹೊಡೆದು ಹಾಕಿದೆ. ಅವರು ಬೇಕೆಂದದ್ದು ಬೇರೆ. “ನಾನು ಕೊಯ್ತೀನಿ ಅಂತ ಒಂದ್ ಸಲ ನನ್ ಬಾಯಲ್ಲೇ ಬರ್ಲಿ. ಮುಖ ಕಾಣ್ಲಿ. ಫೋನ್ ಮಾಡೋರು ಅಪ್ಪನ್ನ ಕೊಡಿ ಅಂದಾಗ, ನಾನೇ ಮಾತಾಡ್ಬೋದು ಅಂತ ಅವ್ರಿಗೆ ಗೊತ್ತಾಗ್ಲಿ. ಅಷ್ಟೇ.”

“ಆಯ್ತು” ಎಂದೆ. ಈ ಸಲ ಆಯ್ತು ಎಂದೇ ಹೇಳಿದ್ದು, ಬರೆದಿಟ್ಟುಕೊಂಡಿದ್ದೇನೆ.

ಯಜಮಾನರು ಪಾಲಿಶ್ ಬಟ್ಟೆಯನ್ನು ಉಂಡೆ ಮಾಡಿ, ಬಿಚ್ಚಿ, ಮತ್ತೆ ಉಂಡೆ ಮಾಡುತ್ತಿದ್ದರು.

“ಹಂಗಾದ್ರೆ ನಾನೇನಾದೆ?”

ಇಬ್ಬರೂ ಅವರ ಕಡೆ ನೋಡಿದೆವು.

“ಕೊನೆಯವನು ಅಂದ್ರೆ ಒಂದ್ ಲೆಕ್ಕ. ಕೊನೆಯವನ ಮುಂಚಿನೋನು ಅಂದ್ರೆ ಯಾರ್ ನೋಡೋಕೆ ಬರ್ತಾರೆ?”

“ಅಪ್ಪಾ!” ಎಂದರು ಮಗಳು. ನಾನು ಸಂದು ತುಂಬುವವಳು. ಅಲ್ಲೊಂದು ಸಂದು ಬಿತ್ತು, ನಾನು ಅದರ ಮುಂದೆ ಪೆನ್ನು ಹಿಡಿದುಕೊಂಡು ಕೂತಿದ್ದೆ. ಅವರು ನಗಾಡಿಕೊಂಡೇ ಕೇಳಿದ್ದರು, ಆದರೆ ಅದು ನಗೆಯ ಮಾತಾಗಿರಲಿಲ್ಲ. ಮುಂದಿನ ಗುರುವಾರ ಬನ್ನಿ ಎಂದರು ಮಗಳು. ಬೆಳಿಗ್ಗೆ ಹತ್ತರ ಮೇಲೆ ಕಿಟಕಿಯಲ್ಲಿ ಬೆಳಕು ಚೆನ್ನಾಗಿರುತ್ತದೆ.

ಗುರುವಾರ ಕರ್ಟನ್ ಕಳಚಿಟ್ಟೆವು. ಕ್ಯಾಮೆರಾ ಅಂಗಡಿಯ ಬಾಗಿಲಲ್ಲಿ. ಮುಂದೆ ಒಂದು ಪಕ್ಕಕ್ಕೆ ಯಜಮಾನರ ಬೆನ್ನು, ಆಳದಲ್ಲಿ ಕಿಟಕಿಯ ಕೆಳಗೆ ಮಗಳು. ಅವರು ಮೊದಲು ಮಾತಾಡಿದರು. ಎಂಟು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾಯಿತು, ಅರ್ಧ ಆಗಿದ್ದ ಒಂದು ಬಾಗಿಲನ್ನು ಒಪ್ಪಿಸಬೇಕಿತ್ತು, ಅದರ ನವಿಲುಗಳನ್ನು ನಾನು ಕೊಯ್ದೆ, ಆಮೇಲೆ ನಿಲ್ಲಿಸಲಿಲ್ಲ. ಇಷ್ಟೇ, ಇನ್ನೂ ಸರಳವಾಗಿ. ಆ ಬಾಗಿಲಿಗೆ ಜೋಡಿಸಿದ ಒಂದು ನವಿಲಿನ ಕೊಕ್ಕು ಇವತ್ತಿಗೂ ಸೊಟ್ಟ ಎಂದೂ ಹೇಳಿದರು. ಅಪ್ಪ ಕಂಡಿದ್ದರೂ ಬಿಟ್ಟುಬಿಟ್ಟರಂತೆ.

“ಈಗ ನೀವು ಮಾಡಿ, ನಾವು ಸುಮ್ಮನಿರ್ತೀವಿ” ಎಂದ ನಿರ್ದೇಶಕ.

ಬಳೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಹಲಸಿನ ತೆಳು ಹಾಳೆಯ ಮೇಲೆ ಅಂಟಿಸಿದ ಕಾಗದದಲ್ಲಿ ಬಳ್ಳಿಯ ಚಿತ್ರ. ಸರ್ ಸರ್ ಸರ್. ಎಡಗೈ ಮರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿತ್ತು, ಗರಗಸ ಇದ್ದಲ್ಲೇ ಇತ್ತು. ಎಷ್ಟು ಹೊತ್ತು ಅಂತ ಲಾಗಿನಲ್ಲಿದೆ, ನನ್ನ ನೆನಪಿನಲ್ಲಿ ಅದಕ್ಕಿಂತ ಉದ್ದ. ಒಂದು ತಿರುವಿನಲ್ಲಿ ಬ್ಲೇಡು ಟಕ್ ಎಂದಿತು.

“ಥೂ” ಎಂದರು. ಕ್ಯಾಮೆರಾ ನೋಡಿದರು. ನಿರ್ದೇಶಕ ಮುಂದುವರಿಸಿ ಅಂತ ಕೈ ಮಾಡಿದ. ಡಬ್ಬಿಯಿಂದ ಹೊಸ ಬ್ಲೇಡು ತೆಗೆದು, ಹಲ್ಲು ಯಾವ ಕಡೆಗಿದೆ ಅಂತ ಬೆರಳ ತುದಿಯಲ್ಲಿ ಸವರಿ ನೋಡಿ, ಚೌಕಟ್ಟನ್ನು ಎದೆಗೊತ್ತಿ ಬಗ್ಗಿಸಿ, ಎರಡೂ ತುದಿ ಬಿಗಿದರು. ಬಿಗಿದ ಬ್ಲೇಡನ್ನು ಉಗುರಿನಿಂದ ಒಮ್ಮೆ ಮೀಟಿದರು. ಸಣ್ಣ ದನಿ ಬಂತು.

“ಸಡಿಲ” ಎಂದರು ಯಜಮಾನರು. ಬೀದಿಯ ಕಡೆ ಮುಖ ಮಾಡಿ ಕೂತಿದ್ದರು, ತಿರುಗಿಯೂ ನೋಡಿರಲಿಲ್ಲ.

ಮಗಳು ಬ್ಲೇಡು ಬಿಚ್ಚಿದರು. ಮತ್ತೆ ಬಗ್ಗಿಸಿ ಬಿಗಿದರು. ಮೀಟಿದರು.

“ಇನ್ನೂ.”

ಮತ್ತೊಮ್ಮೆ. ಈ ಸಲ ದನಿ ತೆಳ್ಳಗೆ, ಎತ್ತರದಲ್ಲಿ ಬಂತು. ಯಜಮಾನರು ಏನೂ ಹೇಳಲಿಲ್ಲ. ಮಗಳು ಒಂದು ಗಳಿಗೆ ಕಾದರು. ಅವರು ಏನೂ ಹೇಳದ್ದನ್ನು ಕೇಳಿಸಿಕೊಂಡು, ಹಲಗೆಯ ಮೇಲೆ ಮರ ಇಟ್ಟು ಮುಂದುವರಿಸಿದರು.

ಆ ದೃಶ್ಯಕ್ಕೆ ನಿರೂಪಣೆ ಹದಿನಾಲ್ಕು ಸಲ ಬರೆದೆ. ಗುರು ಎಂದೆ, ಕಿವಿ ಎಂದೆ, ಪರಂಪರೆ ಎಂದೂ ಒಮ್ಮೆ ಬರೆದು ನಾಚಿಕೊಂಡೆ. ಈಗಿನ ಹಾಳೆಯಲ್ಲಿ ಗೆರೆಯ ಎಡಕ್ಕೆ ಇಬ್ಬರೂ ಇದ್ದಾರೆ. ಬಲಕ್ಕೆ ‘ಸಡಿಲ’ ಎಂಬುದು, ‘ಇನ್ನೂ’ ಎಂಬುದು, ಆಮೇಲೆ ಗರಗಸ. ನಿರೂಪಣೆ ಎಂದು ಬರೆದು, ಅದರ ಮುಂದೆ ಒಂದು ಅಡ್ಡಗೆರೆ ಎಳೆದು ಬಿಟ್ಟಿದ್ದೇನೆ.